ಪ್ರೇಮಮ್ಮ ಬರುವ ಮೊದಲೇ ಅಳಿಸಿದ ಫೋಲ್ಡರ್

ಕಂಪ್ಯೂಟರಿನ ಸಿ ಡ್ರೈವ್ ತುಂಬಿ ಕೆಂಪಗಾದರೆ ರಮ್ಯಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೆ.ಆರ್. ನಗರದಲ್ಲಿ ಅವಳದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ, ಮದುವೆ ಬ್ಲೌಸುಗಳ ಕಾಲ ಬೇರೆ. ಮೊನ್ನೆಯಷ್ಟೇ ವಿಂಡೋಸ್ ಹನ್ನೊಂದಕ್ಕೆ ಅಪ್‌ಗ್ರೇಡ್ ಮಾಡಿಸಿದ್ದಳು. ಜಾಗ ನುಂಗಿ ಕೂತಿದ್ದು 'ವಿಂಡೋಸ್ ಓಲ್ಡ್' ಎಂಬ ಫೋಲ್ಡರ್, ಹಳೆಯ ವಿಂಡೋಸೇ ಇಡಿಯಾಗಿ.

ಕಂಪ್ಯೂಟರ್ ರಿಪೇರಿಯ ಶರತ್‌ಗೆ ಫೋನ್ ಮಾಡಿದಳು.

"ಈಗ್ಲೇ ಅಳಿಸ್ಬ್ಯಾಡಿ ಕಣಕ್ಕ. ಹೊಸದು ಕೈಕೊಟ್ರೆ ಹಳೇದಕ್ಕೆ ವಾಪಸ್ ಓಗಕ್ಕೆ ಅದು ಬೇಕು. ಹತ್ತು ದಿನ ಆದ್ರೆ ತಾನೇ ಓಯ್ತದೆ. ಅಷ್ಟ್ರೊಳ್ಗೆ ನೀವು ಬಳ್ಸೋ ಸಾಫ್ಟ್‌ವೇರೆಲ್ಲಾ ತೆಗ್ದು ನೋಡ್ಕಳಿ."

"ಎಲ್ಲಾ ನೋಡಾಯ್ತು ಬುಡು," ಅಂದಳು ಮಹರಾಯ್ತಿ.

ಬಿಲ್ಲು, ವಾಟ್ಸಾಪು, ಮಿಷನ್ನು, ತಾನು ಮುಟ್ಟುವುದನ್ನೆಲ್ಲ ನೋಡಿದ್ದು ನಿಜವೇ. ಡಿಸೈನ್ ಬರೆಯುವ ಹಳೇ ಸಾಫ್ಟ್‌ವೇರನ್ನು ಮಾತ್ರ ತೆರೆದು ನೋಡಿರಲಿಲ್ಲ. ಅದು ಪ್ರೇಮಮ್ಮನದು. ಅಂಗಡಿ ಶುರುವಾದಾಗಿನಿಂದ ನವಿಲು, ಬಳ್ಳಿ, ಮಾವಿನಕಾಯಿ ಎಲ್ಲ ಬರೆದ ಕೈ ಆಕೆಯದು. ಈಗ ಮಗಳ ಬಾಣಂತನಕ್ಕೆಂದು ಹೊಸ ಅಗ್ರಹಾರಕ್ಕೆ ಹೋಗಿದ್ದಳು.

ಡಿಸ್ಕ್ ಕ್ಲೀನಪ್‌ನಲ್ಲಿ 'ಹಿಂದಿನ ವಿಂಡೋಸ್' ಎಂಬುದಕ್ಕೆ ಗುರುತು ಹಾಕಿದಳು. ಇದನ್ನು ತೆಗೆದರೆ ಹಿಂದಕ್ಕೆ ಹೋಗಲಾಗದು ಎಂದು ಕಂಪ್ಯೂಟರೂ ಎಚ್ಚರಿಸಿತು. ಹೂಂ ಅಂತ ಒತ್ತಿದಳು. ಕೆಂಪು ಹೋಗಿ ನೀಲಿಯಾಯಿತು. ಅಬ್ಬಾ, ಎಂಥ ನೆಮ್ಮದಿ!

ಮೂರನೇ ದಿನ ಪ್ರೇಮಮ್ಮ ಬಂದು ಕೂತಳು. ಸಾಫ್ಟ್‌ವೇರ್ ತೆರೆದುಕೊಳ್ಳಲಿಲ್ಲ. ಅದು ನಡೆಯಲು ಯುಎಸ್‌ಬಿಯಲ್ಲಿ ಚುಚ್ಚುವ ಕೀಲಿಯ ಡ್ರೈವರನ್ನು ಹೊಸ ವಿಂಡೋಸ್ ಒಪ್ಪುತ್ತಿಲ್ಲ ಎಂದ, ಬಂದು ನೋಡಿದ ಶರತ್. ಹಿಂದಕ್ಕೆ ಹೋಗುವ ಬಟನ್ ಒತ್ತಿ ನೋಡಿದರೆ, ಆಗುವುದಿಲ್ಲ ಎಂದಿತು. ಬೇಕಾದರೆ ಹಳೆಯ ವಿಂಡೋಸ್ ಹತ್ತನ್ನು ಹೊಸದಾಗಿ ಹಾಕಬಹುದು, ಆದರೆ ಸಾಫ್ಟ್‌ವೇರನ್ನು ಮತ್ತೆ ಹಾಕಲು ಅದರ ಸಿಡಿ ಇಲ್ಲ, ಮಾರಿದ ಕಂಪನಿಯೂ ಮುಚ್ಚಿತ್ತು.

"ಇನ್ಮೂರು ದಿನ ತಡ್ದಿದ್ರೆ ಸಾಕಾಗಿತ್ತು," ಎಂದು ಶರತ್ ಗೊಣಗಿದ. ಬೈದಿದ್ದರೆ ವಾಸಿಯಿತ್ತು.

"ಬುಡವ್ವ, ಓಯ್ತು," ಅಂದಳು ಪ್ರೇಮಮ್ಮ. "ನನ್ನೊಂದ್ಮಾತು ಕೇಳಿದ್ರೆ, ಕೀಲಿ ಚುಚ್ಚಿ ನೋಡು ಅಂತ ಏಳ್ತಿದ್ದೆ."

ಅಷ್ಟೇ ಮಾತು. ಕೇಳಬೇಕೆಂದು ರಮ್ಯಳಿಗೆ ಹೊಳೆದೇ ಇರಲಿಲ್ಲವಲ್ಲ!

ಹೊಸ ಸಾಫ್ಟ್‌ವೇರ್ ಬಂತು. ರಮ್ಯ ಕಲಿತಳು. ಪ್ರೇಮಮ್ಮ ಹದಿನೈದು ದಿನ ಮೌಸ್ ಹಿಡಿದು ತಡಕಾಡಿದಳು, ಬರೆದ ಬಳ್ಳಿ ಎಲ್ಲೆಲ್ಲೋ ಹೋಯಿತು. ಆಮೇಲೊಂದು ಬೆಳಿಗ್ಗೆ ಕಂಪ್ಯೂಟರ್ ಕಡೆಗೆ ಹೋಗಲೇ ಇಲ್ಲ. ಮಿಷನ್ನಿನ ಪಕ್ಕ ನೆಲದ ಮೇಲೆ ಕೂತು, ಕತ್ತರಿ ಎತ್ತಿಕೊಂಡು, ಹೊಲಿದು ಬಂದ ಬ್ಲೌಸುಗಳ ದಾರದ ತುದಿ ಕತ್ತರಿಸತೊಡಗಿದಳು.

"ಪ್ರೇಮಮ್ಮಾ, ಅದು ನಿಮ್ಮ ಕೆಲಸ ಅಲ್ಲ."

"ಇದಾದ್ರೂ ಇರ್ಲಿ ಕಣವ್ವ," ಅಂದಳು ತಲೆಯೆತ್ತದೆ.