ಉಳಿದ ತುಂಡು

ಮೂರು ವಾರದಿಂದ ಹಾಸಿಗೆಯಲ್ಲೇ ಬಿದ್ದಿದ್ದೇನೆ. ನರ್ಸಮ್ಮ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗೆಲ್ಲ ನನ್ನದು ಒಂದೇ ಪ್ರಾರ್ಥನೆ: "ದೇವರೇ, ವಾಸಿ ಮಾಡು ಅಂತ ನಿನ್ನ ಪ್ರಾಣ ತಿನ್ನಲ್ಲ. ಹೋಗೋಕೆ ಧೈರ್ಯ ಕೊಡು, ಸಾಕು."

ಇವತ್ತು ಡಾಕ್ಟರು ಕಾಗದ ತಂದರು. ಉಸಿರು ನಿಲ್ಲುವ ಹೊತ್ತಿಗೆ ಗಂಟಲಿಗೆ ಕೊಳವೆ ಹಾಕುವುದು ಬೇಡ, ನೋವಿಗೆ ಔಷಧಿ ಕೊಟ್ಟರೆ ಸಾಕು ಅಂತ. ನಾನು ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಮಗಳು ಸಹಿ ಹಾಕಬೇಕಿತ್ತು; ಅವಳ ಪೆನ್ನು ಮುಂದೆ ಸಾಗಲಿಲ್ಲ.

"ನನ್ನ ಕೈಲಾಗಲ್ಲಪ್ಪ."

ನನಗೆ ರೇಗಿತು. ಐವತ್ತು ವರ್ಷ ಬಟ್ಟೆ ಹೊಲಿದವನು, ದೇವರನ್ನೂ ಅದೇ ಭಾಷೆಯಲ್ಲಿ ಗದರಿದೆ: "ನೋಡು, ಮೊದಲು ಇವಳ ಅಳತೆಗೆ ಧೈರ್ಯ ಕತ್ತರಿಸು. ಉಳಿದ ತುಂಡು ನನಗಿರಲಿ."

ಮಗಳು ಕಣ್ಣೊರೆಸಿಕೊಂಡು ಸಹಿ ಹಾಕಿದಳು.

ಆಮೇಲೆ ಅವಳು ಏಳಹೊರಟರೆ ನಾನು ಅವಳ ಕೈ ಬಿಡಲಿಲ್ಲ. ತುಂಡು ಚಿಕ್ಕದೇ ಉಳಿದಿತ್ತು.