ಕಾರು ನಂಬರ್ 43ರ ಕಿಲೋಮೀಟರು

ಒರೆಸ್ಟ್ ಹ್ನಾಟ್ಯುಕ್‌ಗೆ ವಿನಿಪೆಗ್‌ನಲ್ಲಿ ಏಳು ಟ್ಯಾಕ್ಸಿಗಳಿದ್ದವು. ಏಳರ ಟ್ರಿಪ್ ಶೀಟುಗಳೂ ದಿನಾ ನನ್ನ ಮೇಜಿಗೆ ಬರುತ್ತಿದ್ದವು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕೂತು ಒಂಬತ್ತು ವರ್ಷ ಅವನ್ನು ತಾಳೆ ನೋಡಿದವಳು ನಾನು, ಸತವಂತ್ ಕೌರ್. ಕೂಡುವುದು ಕಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಈಗ ಆ ಜಂಬ ನೆನೆಸಿಕೊಂಡರೆ ಬಾಯಲ್ಲಿ ಕಹಿನೀರು ಬರುತ್ತದೆ.

ಶೀಟಿನ ತಲೆಯಲ್ಲಿ ಕಾರಿನ ಓಡೋಮೀಟರು ಬೆಳಿಗ್ಗೆ ಎಷ್ಟಿತ್ತು ಎಂದು ಬರೆಯಬೇಕು. ಕೆಳಗೆ ಒಂದೊಂದು ಬಾಡಿಗೆಗೂ ಒಂದು ಸಾಲು: ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು. ಕೊನೆಯಲ್ಲಿ ಸಂಜೆಯ ಓಡೋಮೀಟರು, ಜನ ಕೂತು ಓಡಿದ್ದು ಎಷ್ಟು ಕಿಲೋಮೀಟರೆಂದು ಮೀಟರು ತೋರಿಸುವ ಲೆಕ್ಕ, ತುಂಬಿಸಿದ ಪೆಟ್ರೋಲು. ಬಂದ ಬಾಡಿಗೆಯಲ್ಲಿ ಅರ್ಧ ಡ್ರೈವರಿಗೆ, ಅರ್ಧ ಒರೆಸ್ಟ್‌ಗೆ. ಪೆಟ್ರೋಲು ಒರೆಸ್ಟ್‌ನದೇ, ಆದರೆ ಅದಕ್ಕೊಂದು ಮಿತಿ ಇಟ್ಟಿದ್ದ. ಜನ ಕೂತು ಓಡಿದ್ದರ ಎರಡರಷ್ಟು ದೂರದವರೆಗೆ ಅವನ ಖರ್ಚು; ಅದನ್ನು ಮೀರಿದರೆ ಕಿಲೋಮೀಟರಿಗೆ ಹನ್ನೆರಡು ಸೆಂಟು ಡ್ರೈವರಿನ ಪಾಲಿನಿಂದ ಕಡಿತ. ಖಾಲಿ ಓಟ ತೀರಾ ಹೆಚ್ಚಾದರೆ ನಮ್ಮ ಕಸುಬಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಡ್ರೈವರು ಮೀಟರು ಹಾಕದೆ ಜನರನ್ನು ಕೂರಿಸಿಕೊಂಡು, ಬಂದದ್ದನ್ನು ಜೇಬಿಗಿಳಿಸುತ್ತಿದ್ದಾನೆ ಎಂದು.

43ನೇ ನಂಬರಿನ ಕಾರು ಹಗಲು ಮಾತ್ರ ಓಡುತ್ತಿತ್ತು. ಸಂಜೆ ನಾಲ್ಕಕ್ಕೆ ಒರೆಸ್ಟ್‌ನ ಗ್ಯಾರೇಜಿಗೆ ಬಂದು ನಿಂತರೆ ಮರುದಿನ ಬೆಳಿಗ್ಗೆ ಐದಕ್ಕೆ ಹೊರಡುತ್ತಿತ್ತು. ಅದರ ಶೀಟಿನ ತಲೆಯ ಅಂಕಿಯನ್ನು ಒರೆಸ್ಟ್ ಹಿಂದಿನ ಸಂಜೆಯೇ ತನ್ನ ಕೈಯಾರೆ ಬರೆದು, ಕಾರಿನಲ್ಲಿಡುವ ಬರೆಯುವ ಹಲಗೆಗೆ ಸಿಕ್ಕಿಸಿಡುತ್ತಿದ್ದ. "ಈ ಡ್ರೈವರುಗಳ ಅಂಕಿ ಓದೋದ್ರೊಳಗೆ ನಿನ್ನ ಕಣ್ಣು ಹೋಗುತ್ತೆ ಸತವಂತ್, ನಾನೇ ಬರೆದಿಡ್ತೀನಿ" ಅನ್ನುತ್ತಿದ್ದ. ಎಂಥ ಒಳ್ಳೆಯ ಧಣಿ ಅಂದುಕೊಂಡಿದ್ದೆ.

ಆ ಕಾರು ಓಡಿಸುತ್ತಿದ್ದವನು ಮುಲುಗೆತಾ. ಇಥಿಯೋಪಿಯಾದಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು. ಅವನ ಶೀಟೆಂದರೆ ಗೆರೆ ಎಳೆದ ಹಾಗೆ ಅಕ್ಷರ. ಒರೆಸ್ಟ್ ಹೇಳಿದ ನೆಪ ಇವನಿಗೆ ಮಾತ್ರ ಹೊಂದುವುದೇ ಇಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಪ್ರತಿ ಬುಧವಾರ ಮತ್ತು ಶನಿವಾರ ಅವನ ಕಾರು ಎಪ್ಪತ್ತು ಕಿಲೋಮೀಟರು ಹೆಚ್ಚು ಓಡಿರುತ್ತಿತ್ತು. ಹತ್ತು ತಿಂಗಳಿಂದ ಕಡಿತ ಮಾಡುತ್ತಲೇ ಬಂದಿದ್ದೆ. ಡಿಸೆಂಬರಿನಲ್ಲಿ ಒರೆಸ್ಟ್‌ಗೆ ಹೇಳಿದೆ. ಅವನು ತುಟಿ ಉಬ್ಬಿಸಿ, "ಹೌದಾ? ಹಾಗಾದ್ರೆ ನೀನೇ ಕೇಳು. ಲೆಕ್ಕ ನಿನ್ನದು" ಅಂದ.

ಮುಲುಗೆತಾನನ್ನು ಎದುರಿಗೆ ಕೂರಿಸಿಕೊಂಡೆ.

"ಈ ಬುಧವಾರ ಇನ್ನೂರ ಮೂವತ್ತು ಓಡಿಸಿದೀಯ. ಮೀಟರಲ್ಲಿ ಎಂಬತ್ತು. ಎರಡರಷ್ಟು ಅಂದ್ರೂ ನೂರ ಅರವತ್ತು. ಮಿಕ್ಕಿದ ಎಪ್ಪತ್ತು ಎಲ್ಲಿಗೆ ಹೋಯ್ತು?"

"ಅಕ್ಕ, ನಾನು ಬೆಳಿಗ್ಗೆ ಕೂತಾಗಲೇ ಓಡೋಮೀಟರು ಮುಂದಿತ್ತು. ಶೀಟಿನ ಮೂಲೇಲಿ ಬರೆದಿದೀನಿ, ನೋಡಿ."

ನೋಡಿದೆ. ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಅಂಕಿ ಇತ್ತು. ಒರೆಸ್ಟ್ ಬರೆದದ್ದಕ್ಕಿಂತ ಎಪ್ಪತ್ತು ಹೆಚ್ಚು.

"ಇದನ್ನ ಯಾರು ಬೇಕಾದ್ರೂ ಗೀಚಬಹುದು" ಅಂದೆ. "ಸಂಜೆ ನಿಂತ ಕಾರು ರಾತ್ರಿ ತಾನಾಗಿ ಎದ್ದು ಓಡಾಡುತ್ತಾ?"

"ತಾನಾಗಿ ಓಡಾಡಲ್ಲ ಅಂತ ನನಗೂ ಗೊತ್ತು. ಅದಕ್ಕೇ ಬರೆದೆ."

ಅವನ ದನಿ ಏರಲಿಲ್ಲ. ಅದು ನನಗೆ ಉದ್ಧಟತನ ಅನ್ನಿಸಿತು. ರಬ್ಬರು ತೆಗೆದುಕೊಂಡು ಅವನ ಕಣ್ಣೆದುರಿಗೇ ಆ ಅಂಕಿ ಅಳಿಸಿದೆ. "ಶೀಟಲ್ಲಿ ಗೀಚಬಾರದು" ಅಂದೆ. ಅವನು ಕಾಗದವನ್ನಲ್ಲ, ನನ್ನ ಕೈಯನ್ನು ನೋಡುತ್ತ ಕೂತಿದ್ದ. ಹಿಂದಿನ ಕಟ್ಟು ತೆಗೆದು ಅಂಥ ಅಂಕಿಗಳನ್ನೆಲ್ಲ ಹುಡುಕಿ ಒರೆಸಿದೆ. ಆ ಸಂಜೆ ಒರೆಸ್ಟ್ ಅವನಿಂದ ಕೀಲಿ ಕಿತ್ತುಕೊಂಡ.

ನಮ್ಮ ಊರಿನ ಟ್ಯಾಕ್ಸಿಯವರೆಲ್ಲ ಸೇರುವುದು ಸಾರ್ಜೆಂಟ್ ರಸ್ತೆಯ ಡೋನಟ್ ಅಂಗಡಿಯಲ್ಲಿ. ವಾರದೊಳಗೆ ಅಲ್ಲಿ ಅವನಿಗೆ 'ಮೀಟರು ಮುಚ್ಚುವವನು' ಎಂಬ ಹೆಸರು ಬಿತ್ತು. ಯಾವ ಮಾಲೀಕನೂ ಅವನಿಗೆ ಕಾರು ಕೊಡಲಿಲ್ಲ. ಹಂದಿ ಕಡಿಯುವ ಕಾರ್ಖಾನೆಗೆ ಸೇರಿದನಂತೆ. ಹಂದಿ ಮಾಂಸ ಮುಟ್ಟದ ಮನೆತನದವನು.

43ಕ್ಕೆ ರೊಡೆಲ್ ಎಂಬ ಫಿಲಿಪಿನೋ ಬಂದ. ಬಾಯ್ತುಂಬ ನಗುವ ಮನುಷ್ಯ. ಜನವರಿಯ ಮೊದಲ ಬುಧವಾರ ಅವನ ಶೀಟಿನಲ್ಲೂ ಎಪ್ಪತ್ತು ಹೆಚ್ಚು ಬಂತು. ಶನಿವಾರ ಮತ್ತೆ ಎಪ್ಪತ್ತು. ಪೆನ್ನು ಕೆಳಗಿಟ್ಟೆ. ಇಬ್ಬರು ಕಳ್ಳರು ವಾರದ ಅವೇ ದಿನ ಹಿಡಿದು ಅಷ್ಟೇ ದೂರ ಕದಿಯುತ್ತಾರೆಯೇ?

ತಿಂಗಳ ಕೊನೆಗೆ ಪೆಟ್ರೋಲು ಬಂಕಿನ ಬಿಲ್ಲು ಬಂತು. ನಮ್ಮ ಕಾರುಗಳಿಗೆಲ್ಲ ಒಂದೊಂದು ಕಾರ್ಡು. ಕಾರ್ಡು ಉಜ್ಜಿ ಓಡೋಮೀಟರಿನ ಅಂಕಿ ಒತ್ತದಿದ್ದರೆ ಪಂಪು ಸುರಿಯುವುದಿಲ್ಲ. 43ರ ಚೀಟಿಗಳ ನಡುವೆ ಒಂದು ಸೆಲ್ಕರ್ಕ್ ಊರಿನದು. ಮಂಗಳವಾರ ರಾತ್ರಿ ಒಂಬತ್ತೂ ನಲವತ್ತು. ಅಂಕಿ 2,14,395.

ಮಂಗಳವಾರದ ಶೀಟು ತೆಗೆದೆ. ರೊಡೆಲ್ ಸಂಜೆ ನಾಲ್ಕಕ್ಕೆ ಕಾರು ಬಿಟ್ಟಾಗ 2,14,360. ಬುಧವಾರದ ಶೀಟಿನ ತಲೆಯಲ್ಲಿ ಒರೆಸ್ಟ್‌ನ ಕೈಬರಹ: 2,14,360.

ನಿಂತ ಕಾರು ರಾತ್ರಿ ಸೆಲ್ಕರ್ಕಿನಲ್ಲಿ ಪೆಟ್ರೋಲು ಕುಡಿದಿತ್ತು. ಹೋಗಿ ಬರುವುದಕ್ಕೆ ಸರಿಯಾಗಿ ಎಪ್ಪತ್ತು.

ಒರೆಸ್ಟ್ ಆಗ ಮೇಜಿನ ಆ ಬದಿಯಲ್ಲಿ ಬೆಳ್ಳುಳ್ಳಿ ಸಾಸೇಜು ಕತ್ತರಿಸಿ ತಿನ್ನುತ್ತಿದ್ದ. ಚೀಟಿ, ಶೀಟು ಎರಡನ್ನೂ ಮುಂದಿಟ್ಟೆ. ನೋಡಿದ. ಅಗಿಯುವುದನ್ನೇನೂ ನಿಲ್ಲಿಸಲಿಲ್ಲ.

"ಅಯ್ಯೋ, ಆ ಚಳೀಲಿ ಟ್ಯಾಂಕು ಖಾಲಿಯಾಗಿಬಿಡ್ತು. ದಾರೀಲಿ ಹೆಪ್ಪುಗಟ್ಟಿ ಸಾಯಬೇಕಿತ್ತಾ?"

"ಸೆಲ್ಕರ್ಕಿಗೆ ಯಾಕೆ ಹೋಗ್ತೀರಿ?"

"ಇಸ್ಪೀಟು. ಮಂಗಳವಾರ, ಶುಕ್ರವಾರ. ಹಳೇ ಗೆಳೆಯರು."

"ನಿಮ್ಮ ಬ್ಯುಕ್ ಇದೆಯಲ್ಲ." ಆ ಕಾರಿಗೆ ಮೂರು ವರ್ಷದಿಂದ ಬಟ್ಟೆ ಹೊದಿಸಿ ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿದ್ದ.

"ಅದರ ಮೇಲೆ ಕಿಲೋಮೀಟರು ಏರಿಸಿದ್ರೆ ಮಾರೋವಾಗ ಯಾರು ಬೆಲೆ ಕೊಡ್ತಾರೆ, ಹೇಳು?"

ಇಷ್ಟೇ. ದೊಡ್ಡ ಗುಟ್ಟು ಏನಾದರೂ ಇದ್ದಿದ್ದರೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ.

"ಮುಲುಗೆತಾ ನಿಜ ಹೇಳಿದ್ದ" ಅಂದೆ.

"ಅವನು ಬೆಳಿಗ್ಗೆ ಬೆಳಿಗ್ಗೆ ಓಡೋಮೀಟರು ನೋಡ್ತಿದ್ದ. ನೋಡೋರನ್ನ ಇಟ್ಕೊಂಡ್ರೆ ತಲೆನೋವು." ಬೆರಳಿಗಂಟಿದ ಜಿಡ್ಡನ್ನು ರೊಡೆಲ್‌ನ ಶೀಟಿಗೇ ಒರೆಸಿಕೊಂಡ. "ಆದ್ರೆ ಕಳ್ಳ ಅಂತ ನಾನೆಲ್ಲಿ ಹೇಳ್ದೆ? ಹಿಡಿದವಳು ನೀನು. ಹೋಗ್ಲಿ ಬಿಡು, ಆ ಚೀಟಿ ಹರಿದುಹಾಕು. ತಗೋ, ಒಂದು ತುಂಡು ತಿನ್ನು."

ಬಚ್ಚಲಿಗೆ ಹೋಗಿ ಬೆಳಿಗ್ಗೆ ತಿಂದ ಪರಾಠವನ್ನೆಲ್ಲ ಕಕ್ಕಿದೆ. ಬಾಯಿ ತೊಳೆದು ಕನ್ನಡಿ ನೋಡಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇ ಇರಲಿಲ್ಲ. ಹಿಡಿದವಳು ನಾನೇ. ಅಳಿಸಿದವಳೂ ನಾನೇ.

ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ವರ್ಷದ ಶೀಟುಗಳನ್ನೂ ಚೀಟಿಯನ್ನೂ ಚೀಲಕ್ಕೆ ತುಂಬಿಕೊಂಡು ಮುಲುಗೆತಾನ ಮನೆಗೆ ಹೋದೆ. ಅವನ ಹೆಂಡತಿ ಆಸ್ಟೆರ್ ಬಾಗಿಲು ತೆರೆದಳು. ಒಳಗೆ ಕಾಫಿ ಹುರಿದ ಘಮ ಇತ್ತು. ನನಗೆ ಕಾಫಿ ಕೊಡಲಿಲ್ಲ. ಮುಲುಗೆತಾ ಆಗಷ್ಟೇ ಪಾಳಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದ. ನಾನು ಎಲ್ಲ ಹೇಳಿ ಮುಗಿಸುವವರೆಗೂ ತೊಳೆಯುತ್ತಲೇ ಇದ್ದ.

"ನನಗಿದು ಗೊತ್ತಿತ್ತು ಅಕ್ಕ. ಯಾರ ಕಾರು, ಯಾರ ಕೀಲಿ ಅನ್ನೋದು ಕಷ್ಟದ ಲೆಕ್ಕ ಅಲ್ಲ. ನಿಮಗೆ ಗೊತ್ತಾಗಲಿಲ್ಲವಲ್ಲ, ಅದು ನನಗೆ ಅರ್ಥವಾಗಲಿಲ್ಲ."

"ತಪ್ಪಾಯ್ತು."

"ಈ ವಾಸನೆ ಹೋಗಲ್ಲ" ಅಂದ, ಅಂಗೈ ಮೂಸಿಕೊಂಡು. ನನಗೆ ಹೇಳಿದನೋ, ಹೆಂಡತಿಗೋ ತಿಳಿಯಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಸಣ್ಣ ನೋಟುಬುಕ್ಕು ತಂದ. ದಿನಾ ಬೆಳಿಗ್ಗೆ ಐದಕ್ಕೆ ಕಂಡ ಅಂಕಿ, ತಾರೀಖಿನ ಸಮೇತ. "ದುಡ್ಡು ಬೇಡ ಅನ್ನೋಕೆ ನಾನು ಸಿರಿವಂತನಲ್ಲ. ದುಡ್ಡೂ ಬೇಕು. ಆದ್ರೆ ನನ್ನ ಅಂಕಿ ಅಳಿಸಿದ್ದು ಯಾರು ಅಂತ ನೀವು ಎಲ್ಲರೆದುರಿಗೆ ಹೇಳಬೇಕು."

ಟ್ಯಾಕ್ಸಿ ಮಂಡಳಿಗೆ ಇಬ್ಬರೂ ಒಟ್ಟಿಗೇ ಹೋಗಿ ದೂರು ಕೊಟ್ಟೆವು. ಮಾರ್ಚಿನಲ್ಲಿ ವಿಚಾರಣೆ. ಒರೆಸ್ಟ್ ಸೂಟು ಹಾಕಿಕೊಂಡು ಬಂದಿದ್ದ. ನನ್ನನ್ನು ನೋಡಿ ಎದ್ದು ನಿಂತು ಕುರ್ಚಿ ಬೇರೆ ಎಳೆದುಕೊಟ್ಟ. ಆಮೇಲೆ ಹೇಳಿದ: "ಈ ಚೀಟಿ ಒಂದು ದಿನದ ಮಾತು. ಒಪ್ಪಿದೆ. ಮುಲುಗೆತಾ ಇದ್ದಾಗ ನಾನು ಒಂದು ಸಲಾನೂ ಆ ಕಾರು ಮುಟ್ಟಿಲ್ಲ. ನೋಟುಬುಕ್ಕು ಮನೇಲಿ ಕೂತು ಯಾರು ಬೇಕಾದ್ರೂ ಬರೀಬಹುದು."

ನಾನು ಆಡಿದ್ದ ಮಾತೇ ಅದು, ಅವನ ಬಾಯಲ್ಲಿ.

"ನೋಟುಬುಕ್ಕಿನ ಅಂಕಿ ಶೀಟಲ್ಲೂ ಇತ್ತು" ಅಂದೆ. "ಮೂಲೇಲಿ, ಪೆನ್ಸಿಲಿನಲ್ಲಿ. ಅಳಿಸಿದ್ದು ನಾನು. ಅವನು ಎದುರಿಗೆ ಕೂತು ನೋಡ್ತಿರುವಾಗಲೇ ಅಳಿಸಿದೆ."

ಮಂಡಳಿಯ ಅಧಿಕಾರಿಣಿ ಒಂದು ಶೀಟನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮುಲುಗೆತಾ ಒತ್ತಿ ಬರೆಯುವವನು. ಸೀಸ ಹೋಗಿತ್ತು, ಕಾಗದದ ಮೇಲಿನ ತಗ್ಗು ಹೋಗಿರಲಿಲ್ಲ. ಅವಳು ಒಂದೊಂದೇ ಅಂಕಿ ಓದಿದಳು, ಪಕ್ಕದವನು ನೋಟುಬುಕ್ಕು ನೋಡುತ್ತ ಹೂಂಗುಟ್ಟಿದ. ಹಾಗೆ ತಗ್ಗು ಕಾಣುವಂತಿದ್ದ ಮೂವತ್ತೊಂದು ಶೀಟು ಓದಿದರು. ಒಂದು ಗಂಟೆ ಹಿಡಿಯಿತು. ಪ್ರತಿ ಅಂಕಿಗೂ ನನ್ನ ಮುಖದ ಮೇಲೆ ಯಾರೋ ಉಗಿದ ಹಾಗಾಗುತ್ತಿತ್ತು. ಒರೆಸ್ಟ್ ಮಾತ್ರ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಂದು ಮಂಗಳವಾರ.

ಅವನಿಗೆ ದಂಡ ಬಿತ್ತು. ಎರಡು ಕಾರಿನ ಪರವಾನಗಿ ಮೂರು ತಿಂಗಳು ಅಮಾನತಾಯಿತು. ಕಡಿತ ಮಾಡಿದ್ದನ್ನೆಲ್ಲ ಡ್ರೈವರುಗಳಿಬ್ಬರಿಗೂ ವಾಪಸು ಕೊಡಬೇಕಾಯಿತು. ಮುಲುಗೆತಾನಿಗೆ ಏಳುನೂರ ಇಪ್ಪತ್ತೆರಡು ಡಾಲರು ಬಂತು. ಇಡೀ ಚಳಿಗಾಲ ಹಂದಿಯ ರಕ್ತದಲ್ಲಿ ನಿಂತಿದ್ದಕ್ಕೆ ಯಾರೂ ಏನೂ ಕೊಡಲಿಲ್ಲ, ಅದು ಯಾವ ಶೀಟಿನಲ್ಲೂ ಇರಲಿಲ್ಲ.

ಮರುದಿನ ಡೋನಟ್ ಅಂಗಡಿಗೆ ಹೋಗಿ ಗೋಡೆಯ ಹಲಗೆಗೆ ಒಂದು ಕಾಗದ ಸಿಕ್ಕಿಸಿದೆ. 43ರ ಕಿಲೋಮೀಟರು ಮಾಲೀಕನದು, ಮುಲುಗೆತಾ ಕಳ್ಳನಲ್ಲ, ಅವನ ಅಂಕಿ ಅಳಿಸಿದವಳು ಸತವಂತ್ ಕೌರ್ ಎಂದು. ಡ್ರೈವರುಗಳು ಸುತ್ತ ಸೇರಿ ಓದಿದರು.

"ಭಲೇ ಸತವಂತಕ್ಕ! ನಮಗೆ ಮೊದಲೇ ಅನುಮಾನ ಇತ್ತು ಬಿಡಿ."

"ಆ ಮುದುಕ ಒರೆಸ್ಟ್‌ನ ಮೂತಿ ನೋಡಿದ್ರೇನೇ ಗೊತ್ತಾಗಲ್ವಾ?"

ಇದೇ ಬಾಯಿಗಳು ಡಿಸೆಂಬರಿನಲ್ಲಿ 'ಮೀಟರು ಮುಚ್ಚುವವನು' ಎಂದು ನಕ್ಕಿದ್ದವು. ರೊಡೆಲ್ ನನಗೊಂದು ಕಾಫಿ ತಂದಿಟ್ಟು, ಪಿಸುದನಿಯಲ್ಲಿ ಹೇಳಿದ: "ನನಗೂ ಗೊತ್ತಿತ್ತು ಅಕ್ಕ. ಬುಧವಾರ ಬೆಳಿಗ್ಗೆ ಸೀಟೆಲ್ಲ ಬೆಳ್ಳುಳ್ಳಿ, ಚುಟ್ಟದ ನಾತ ಹೊಡೀತಿತ್ತು. ಕೆಲಸ ಹೋಗುತ್ತಲ್ಲ ಅಂತ ಸುಮ್ಮನಿದ್ದೆ." ಅವನ ಮೇಲೆ ಸಿಟ್ಟು ಬರಬೇಕಿತ್ತು. ಸಿಟ್ಟಾಗುವ ಹಕ್ಕು ನನಗೆಲ್ಲಿತ್ತು? ಕಾಫಿ ಮುಟ್ಟದೆ ಎದ್ದು ಬಂದೆ.

ಈಗ ಒಂದು ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತೇನೆ. ಮುಲುಗೆತಾ ಬೇರೆ ಮಾಲೀಕನ ಕಾರು ಓಡಿಸುತ್ತಾನೆ. ವಿಚಾರಣೆಯ ಮರುವರ್ಷ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬಸ್ಸು ತಪ್ಪಿ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದೆ; ಒಳಗೆ ಕೂತ ಮೇಲೆ ನೋಡಿದರೆ ಅವನು. ವಿಳಾಸ ಕೇಳಿದ, ಮೀಟರು ಒತ್ತಿದ. ಆಸ್ಟೆರ್ ಹೇಗಿದ್ದಾಳೆ ಅಂದೆ. ಚೆನ್ನಾಗಿದ್ದಾಳೆ ಅಂದ. ಮನೆ ಮುಂದೆ ಒಂಬತ್ತೂವರೆ ಡಾಲರಾಗಿತ್ತು. ಹದಿನೈದು ಕೊಟ್ಟು ಚಿಲ್ಲರೆ ಇಟ್ಟುಕೋ ಅಂದೆ. ಅವನು ಐದೂವರೆಯನ್ನು ಎಣಿಸಿ ಸೀಟಿನ ಮೇಲೆ ಇಟ್ಟ. ಆಮೇಲೆ ಶೀಟಿನ ಹಲಗೆ ತೊಡೆಯ ಮೇಲಿಟ್ಟುಕೊಂಡು ಹೊರಟ ಜಾಗ, ನಿಂತ ಜಾಗ, ಹೊತ್ತು, ಬಾಡಿಗೆ, ಎಲ್ಲ ಬರೆದ. ಪೆನ್ನಿನಲ್ಲಿ.

ಅವನು ಬರೆದು ಮುಗಿಸುವವರೆಗೂ ಕೂತಿದ್ದು, ನಾಣ್ಯಗಳನ್ನೆತ್ತಿಕೊಂಡು ಇಳಿದೆ.