ಮಣಿಕಟ್ಟಿಗೆ ಬಾರದ ಬಡಿತ

ಹೈದರಾಬಾದಿನ ಪೊಲೀಸ್ ಆಕ್ಷನ್ ಆಗಿ ಮೂರನೇ ವರ್ಷ. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೊಂದು ನೌಕರಿ ಕಾದಿತ್ತು. ಆರೋಗ್ಯದ ಸರ್ಟಿಫಿಕೇಟು ಒಂದೇ ಬಾಕಿ. ಆದರೆ ನನ್ನ ಎದೆ ಆಗಾಗ ಒಂದು ಬಡಿತ ತಪ್ಪುತ್ತಿತ್ತು, ಹಿಂದೆಯೇ ಧಡ್ಡೆಂದು ಒಂದು ಗುದ್ದು. ತಪ್ಪಿದ ಬಡಿತಕ್ಕೊಂದರಂತೆ ಡೈರಿಯಲ್ಲಿ ದಿನದಿನವೂ ಗೀಟು ಹಾಕಿಟ್ಟಿದ್ದೆ. ಚಿಗವ್ವ ನೀಲಗಂಗಮ್ಮನಿಗೂ ಹೇಳಿರಲಿಲ್ಲ. ಅವ್ವ ಕಾಲರಾದಲ್ಲಿ ಹೋದ ಮೇಲೆ ಗಾಜಿಪುರದ ಮನೆಯಲ್ಲಿ ನಾವಿಬ್ಬರೇ.

ಸರ್ಟಿಫಿಕೇಟಿಗೆಂದು ಹೊರಟಾಗ ಚಿಗವ್ವನೂ ಜೊತೆಗೆ ಬಂದಳು. ಹೆಂಗಸರ ಜನಾನಾ ದವಾಖಾನೆಯ ಡಾಕ್ಟರ್ ಇಕ್ಬಾಲ್ ಬೇಗಂ ನನ್ನ ಗೀಟುಗಳನ್ನು ನೋಡಿದರು.

"ಓಡಾಡುವಾಗಿನ ಲೆಕ್ಕ ಎಲ್ಲಿ ಅದ, ಬೇಟಿ?"

"ಸುಮ್ನ ಕುಂತಾಗ ಅಷ್ಟೇ ಎಣಿಸೀನ್ರೀ."

"ಚಕ್ಕರ್ ಬಂದು ಬಿದ್ದೀಯೇನು?"

"ಇಲ್ರೀ."

"ಚಾ ಎಷ್ಟು?"

ಚಿಗವ್ವ ನಡುವೆ ಬಾಯಿ ಹಾಕಿದಳು. "ಆರು ಕಪ್ಪು ರೀ. ಊಟ ಬಿಟ್ಟಾಳು, ಚಾ ಬಿಡಂಗಿಲ್ಲ."

ಎದೆಗೆ ನಳಿಗೆ ಇಟ್ಟು ಕೇಳಿ, ಮಾಳಿಗೆಯ ಮೆಟ್ಟಿಲು ಮೂರು ಸಲ ಹತ್ತಿಳಿಸಿದರು. ನನ್ನ ಹಿಂದೆ ಬರಲು ಹೋದ ಚಿಗವ್ವ ನಾಲ್ಕನೇ ಮೆಟ್ಟಿಲಲ್ಲೇ ಕುಳಿತಳು. ಡಾಕ್ಟರು ಅವಳನ್ನೊಮ್ಮೆ ನೋಡಿ, ಮತ್ತೆ ನನ್ನೆದೆಗೆ ಕಿವಿಗೊಟ್ಟರು. ಬಡಿತ ಜೋರಾಗಿತ್ತು, ಒಂದೂ ತಪ್ಪಿರಲಿಲ್ಲ.

"ಒಂದು ಬಡಿತ ಅವಸರ ಮಾಡಿ ಮೊದಲೇ ಬರ್ತದ. ಸಣ್ಣದು, ಕೈಗೆ ಹತ್ತಂಗಿಲ್ಲ. ಆಮ್ಯಾಲ ಎದಿ ತುಸು ತಡದು, ತುಂಬಿಕೊಂಡು ಗುದ್ದತದ. ಮೆಟ್ಟಲ ಹತ್ತಿದ ಕೂಡ್ಲೆ ನಿನಗದು ಹೋಗೇ ಬಿಡ್ತು. ಭಯ ಇಲ್ಲ, ಚಾ ಕಡಿಮಿ ಮಾಡು." ಸರ್ಟಿಫಿಕೇಟಿಗೆ ಸಹಿ ಹಾಕಿದರು. "ಈಗ ಚಿಗವ್ವನ ಕೈ ಹಿಡಿ. ನೀ ಮಣಿಕಟ್ಟಿನಾಗ ಎಣಿಸು, ನಾ ಎದಿಯಾಗ ಎಣಸ್ತೀನಿ. ಒಂದೇ ಗಡಿಯಾರ, ಒಂದು ನಿಮಿಷ."

"ನನಗೇನಾಗ್ಯದ್ರೀ? ಗುಂಡಕಲ್ಲಿನಂಗ ಅದೀನಿ," ಎಂದು ಚಿಗವ್ವ ನಕ್ಕಳು. ಆ ನಗುವಿಗೂ ಅವಳಿಗೆ ಉಸಿರು ಸಾಲಲಿಲ್ಲ.

ನನ್ನ ಬೆರಳಿಗೆ ಲಯವೇ ಸಿಗಲಿಲ್ಲ. ಎರಡು ಹತ್ತಿರ, ಒಂದು ದೂರ, ಆಮೇಲೆ ಮೂರು ಕಲೆತು. ನನ್ನದು ತಪ್ಪಿದರೂ ಮತ್ತೆ ದಾರಿಗೆ ಬರುತ್ತಿತ್ತು. ಇದಕ್ಕೆ ದಾರಿಯೇ ಇರಲಿಲ್ಲ.

"ಎಂಬತ್ತನಾಕು ರೀ."

"ನನಗ ನೂರಾ ಹನ್ನೆರಡು."

"ನಾನೇ ತಪ್ಪು ಎಣಿಸೀನಿ ಅನಸ್ತದ."

"ಇಲ್ಲ. ಇಪ್ಪತ್ತೆಂಟು ಬಡಿತ ಮಣಿಕಟ್ಟಿಗೆ ಮುಟ್ಟೇ ಇಲ್ಲ." ಚಿಗವ್ವನನ್ನು ಕೇಳಿದರು: "ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತೇನು?"

"ತಿಂಗಳಾನುಗಟ್ಟಲೆ ಮಲಗಿದ್ನಿ ರೀ. ಈಗ್ಯಾಕ ಅದು?"

ಆ ಜ್ವರವೇ ಒಳಗೆ ಎದೆಯನ್ನು ಕೆಡಿಸಿದಂತಿದೆ, ಹೈದರಾಬಾದಿಗೆ ಹೋಗಬೇಕು, ಅಲ್ಲಿ ಎದೆಯ ಬಡಿತವನ್ನು ಕಾಗದದ ಮೇಲೆ ತೆಗೆಯುವ ಯಂತ್ರವಿದೆ, ಔಷಧಿ ಅಳತೆ ನೋಡಿ ಕೊಡಬೇಕು ಎಂದರು. ನೌಕರಿ ಬಿಡುತ್ತೇನೆಂದೆ. ಚಿಗವ್ವ ಕೇಳಲಿಲ್ಲ. "ನನ್ನ ಎದಿ ಹಿಡಕೊಂಡು ಕುಂದರಾಕ ಬಿ.ಎ. ಓದೀಯೇನು?" ಊರಿಂದ ಅವಳ ಅಣ್ಣ ಬಂದು ಹೈದರಾಬಾದಿನ ರೈಲಿಗೆ ಕರೆದುಕೊಂಡು ಹೋದರು.

ಕಮಲಾಪುರದ ಬಾಡಿಗೆ ಕೋಣೆಯಲ್ಲಿ ಡೈರಿ ತೆಗೆದೆ. ಒಂದು ವರ್ಷದ ಗೀಟುಗಳು, ಎಲ್ಲವೂ ನನ್ನವು. ನೀರಿನ ಕೊಡ ಇಳಿಸಿ ಚಿಗವ್ವ ಹೊಸ್ತಿಲಲ್ಲಿ ಕುಳಿತುಬಿಡುತ್ತಿದ್ದ ಒಂದು ದಿನವೂ ಅದರಲ್ಲಿರಲಿಲ್ಲ. ಎದೆ ಒಂದು ಬಡಿತ ತಪ್ಪಿತು, ಗುದ್ದಿತು. ರೂಢಿಯಂತೆ ಬೆರಳು ಮಣಿಕಟ್ಟಿಗೆ ಹೋಯಿತು. ತೆಗೆದೆ. ಎಣಿಸಬೇಕಾದ ಕೈ ಅದಲ್ಲ.